ಇನ್ನೊಬ್ಬ ಡಾಕ್ಟರಿಗೆ ತೋರಿಸಬೇಕಾಗಿದ್ದ ಗಾಜು

ನಮ್ಮತ್ತೆ ಒಬ್ಬರ ಮಾತನ್ನು ಕೇಳಿದ ಕೂಡಲೇ ನಂಬಿದ್ದನ್ನು ನಾನು ಕಾಣೆ. ಅನ್ನ ಬೆಂದಿದೆ ಅಂತ ನಾನು ಹೇಳಿದರೆ ಒಂದು ಅಗುಳು ತೆಗೆದು ಹಿಚುಕಿ ನೋಡುವರು. ಮಳೆ ನಿಂತಿದೆ ಅಂದರೆ ಬಾಗಿಲಿಂದ ಆಚೆ ಕೈ ಚಾಚುವರು. ಮದುವೆಯಾದ ಹೊಸದರಲ್ಲಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನು ಶಾಲೆ ಮೇಷ್ಟ್ರ ಮಗಳು, ಮಡಿಕೇರಿಯಲ್ಲಿ ನಾಲ್ಕಕ್ಷರ ಕಲಿತವಳು, ನನ್ನ ಮಾತಿಗೆ ಇಷ್ಟೇನಾ ಬೆಲೆ ಅಂತ. ಆಮೇಲೆ ನೋಡಿದರೆ ಅವರು ದೇವಸ್ಥಾನದ ಅಯ್ಯನವರ ಮಾತನ್ನೂ ಹಾಗೇ ತೂಗುತ್ತಿದ್ದರು. ಅಷ್ಟಾದ ಮೇಲೆ ನನ್ನ ಉರಿ ಸ್ವಲ್ಪ ಕಡಿಮೆಯಾಯಿತು.

ನಮ್ಮದು ಉತ್ತರ ಕೊಡಗಿನ ಸೋಮವಾರಪೇಟೆ ಕಡೆ. ಮಾವ ಬೇಗ ತೀರಿಕೊಂಡಿದ್ದರು. ಮನೆಯ ಏಲಕ್ಕಿ ಮಲೆಯನ್ನೂ ವ್ಯಾಪಾರವನ್ನೂ ಅತ್ತೆಯೇ ನಡೆಸುತ್ತಿದ್ದರು. ನಮ್ಮ ಯಜಮಾನರು ಒಬ್ಬನೇ ಮಗ, ಸಾಧು ಮನುಷ್ಯ, ಅಮ್ಮ ಎಳೆದ ಗೆರೆ ದಾಟದವರು. ಏಲಕ್ಕಿ ಮಾರುವುದರಲ್ಲಿ ಅತ್ತೆಯದು ಒಂದು ಕ್ರಮವಿತ್ತು. ಮೂಟೆಯಿಂದ ಒಂದು ಹಿಡಿ ಮಾದರಿ ತೆಗೆದು ಒಬ್ಬ ಸಾಹುಕಾರನಿಗೆ ತೋರಿಸುವುದು. ಅವನು ಬೇರೆಯವರಿಗೆ ಕಾಣದ ಹಾಗೆ ಟವೆಲಿನ ಅಡಿಯಲ್ಲಿ ಬೆರಳು ಹಿಡಿದು ಬೆಲೆ ಹೇಳುತ್ತಾನೆ. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಇನ್ನೊಬ್ಬನ ಹತ್ತಿರ ಹೋಗುವುದು. ಮೊದಲಿನವನು ಏನಂದ ಅಂತ ಎರಡನೆಯವನು ಎಷ್ಟು ಕೆದಕಿದರೂ ಬಾಯಿ ಬಿಡುವ ಹಾಗಿಲ್ಲ. 'ಹೇಳಿಕೊಟ್ಟ ಮಾತು ಮಾತಲ್ಲ' ಅನ್ನುತ್ತಿದ್ದರು.

ಯುದ್ಧದ ಕಾಲ ಅದು. ಪೆಟ್ರೋಲ್ ಇಲ್ಲದೆ ಬಸ್ಸುಗಳು ಹಿಂದೆ ಇದ್ದಿಲ ಒಲೆ ಕಟ್ಟಿಕೊಂಡು ಕೆಮ್ಮುತ್ತಾ ಓಡುತ್ತಿದ್ದವು. ಮಳೆಗಾಲ ಕಳೆಯುತ್ತಿದ್ದ ಹಾಗೆ ಒಂದು ದಿನ ಅತ್ತೆಯ ಬೆನ್ನಿಗೆ ಎಣ್ಣೆ ತಿಕ್ಕುವಾಗ ನನ್ನ ಕೈಗೆ ಎಡ ಎದೆಯ ಪಕ್ಕದಲ್ಲಿ ಗಟ್ಟಿ ಗಂಟೊಂದು ಸಿಕ್ಕಿತು. ನೆಲ್ಲಿಕಾಯಿ ಗಾತ್ರ. ಒತ್ತಿದರೂ ನೋವಿಲ್ಲ ಅಂದರು.

"ಯಾವಾಗಿಂದ ಐತೆ ಇದು?"

"ಯುಗಾದಿ ಹೊತ್ತಿಗೇ ಇತ್ತು ಕಣೇ. ನೋವಿಲ್ಲದ್ದಕ್ಕೆ ಯಾಕೆ ಔಷಧಿ?"

ನನಗೆ ಸಿಟ್ಟು ನೆತ್ತಿಗೇರಿತು. ಯುಗಾದಿಯಿಂದ ಮಹಾಲಯದ ತನಕ ಎದೆಯಲ್ಲಿ ಗಂಟು ಇಟ್ಟುಕೊಂಡು, ನಮ್ಮ ಉಪ್ಪು ಹುಳಿಗೆಲ್ಲ ತಪ್ಪು ಹುಡುಕುತ್ತಾ ಕೂತಿದ್ದಾರಲ್ಲ ಅಂತ. ಬಾಯಿಗೆ ಬಂದಿದ್ದೆಲ್ಲ ಅಂದೆ. ಅತ್ತೆಯನ್ನು ಹಾಗೆ ಅನ್ನಬಾರದು, ಆದರೆ ಅಂದೆ, ಅದಕ್ಕೆ ಇವತ್ತಿಗೂ ನನಗೆ ಬೇಜಾರಿಲ್ಲ. ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಮೂರನೆಯ ದಿನ ಸೀರೆ ಮಡಿಸಿಕೊಂಡು, "ಹೊರಡು, ಎಲ್ಲಿಗೆ ಕರ್ಕೊಂಡು ಹೋಗ್ತೀಯೋ ಹೋಗು" ಅಂದರು.

ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿಯ ಶಸ್ತ್ರವೈದ್ಯರು ಮಿತಭಾಷಿ. ಮುಟ್ಟಿ ನೋಡಿ, ಎದೆಯ ಎಕ್ಸ್-ರೇ ತೆಗೆಸಿ, ಮೊದಲು ಗಂಟನ್ನಷ್ಟೇ ತೆಗೆದು ಪರೀಕ್ಷೆಗೆ ಕಳಿಸುತ್ತೇನೆ, ಅದು ಏನು ಅಂತ ಗೊತ್ತಾಗದೆ ಮುಂದಿನ ಮಾತಿಲ್ಲ ಅಂದರು. ಹಾಗೇ ಮಾಡಿದರು. ಹೊಲಿಗೆ ಬಿಚ್ಚಿಸಿಕೊಳ್ಳಲು ಹೋದ ದಿನ ಪರೀಕ್ಷಾಲಯದ ಕಾಗದ ಬಂದಿತ್ತು. ಕ್ಯಾನ್ಸರ್ ಅಂದರು. ಎಡ ಎದೆಯನ್ನು ಪೂರ್ತಿ ತೆಗೆಯಬೇಕು, ಕಂಕುಳಿನ ಗ್ರಂಥಿಗಳನ್ನೂ ತೆಗೆಯಬೇಕು, ತಿಂಗಳುಗಟ್ಟಲೆ ಮುಂದೂಡಿದರೆ ಆಮೇಲೆ ನಮ್ಮ ಕೈಯಲ್ಲಿಲ್ಲ ಅಂದರು. ಯಜಮಾನರು ಗೋಡೆ ಹಿಡಿದುಕೊಂಡರು. ಅತ್ತೆ ಮಾತ್ರ ಸೆರಗು ಸರಿ ಮಾಡಿಕೊಂಡು ಕೂತಲ್ಲಿಂದಲೇ ಹೇಳಿದರು:

"ಇನ್ನೊಬ್ಬ ಡಾಕ್ಟರಿಗೆ ತೋರಿಸ್ತೀವಿ, ಸ್ವಾಮಿ. ನೀವು ತಪ್ಪು ತಿಳೀಬೇಡಿ."

ನನಗೆ ನಾಚಿಕೆಯಿಂದ ಮುಖ ಎಲ್ಲಿಡಲಿ ಅನ್ನಿಸಿತು. ಇಷ್ಟು ದೊಡ್ಡ ಡಾಕ್ಟರ ಎದುರು ಕೂತು ಏಲಕ್ಕಿ ಸಂತೆಯ ಮಾತಾಡುತ್ತಾರಲ್ಲ! ಇನ್ನು ಇವರು ನಮ್ಮನ್ನು ಹತ್ತಿರ ಸೇರಿಸುವುದಿಲ್ಲ ಅಂದುಕೊಂಡೆ. ಆದರೆ ಅವರಿಗೆ ಸ್ವಲ್ಪವೂ ಕೋಪ ಬರಲಿಲ್ಲ. "ನನ್ನ ತಾಯಿಯಾಗಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಹೋಗಿ ಬನ್ನಿ. ಬೇಗ ಹೋಗಿ ಬನ್ನಿ, ಅಷ್ಟೇ" ಅಂದರು. ಬೆಂಗಳೂರಿನ ಒಬ್ಬ ವೈದ್ಯರಿಗೆ ಅಲ್ಲೇ ಕೂತು ಕಾಗದ ಬರೆದರು.

ಏನೇನು ತೆಗೆದುಕೊಂಡು ಹೋಗಬೇಕು ಅಂತ ಅವತ್ತು ಅವರು ನನಗೆ ಹೇಳಿದ್ದು ಈಗಲೂ ಬಾಯಿಪಾಠ. ಆ ಕಾಗದ ಒಂದು. ಗಂಟು ಎಲ್ಲಿತ್ತು, ಎಷ್ಟು ದೊಡ್ಡದಿತ್ತು, ಚರ್ಮಕ್ಕೆ ಅಂಟಿತ್ತೋ ಇಲ್ಲವೋ ಅಂತ ಕುಯ್ದ ದಿನ ಅವರು ಬರೆದಿಟ್ಟಿದ್ದರ ನಕಲು. ಪರೀಕ್ಷಾಲಯದವರ ವರದಿ. ಎಕ್ಸ್-ರೇ ಬಗ್ಗೆ ಬರೆದ ಚೀಟಿ ಮಾತ್ರ ಸಾಲದು, ಆ ಕಪ್ಪು ಫಿಲ್ಮೇ ಬೇಕು. ಮಡಿಸಬಾರದು, ನೆನೆಸಬಾರದು, ರಟ್ಟಿನ ನಡುವೆ ಇಟ್ಟುಕೊಂಡು ಹೋಗಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಗಾಜು. ಎರಡು ಬೆರಳಗಲದ ಉದ್ದನೆಯ ಗಾಜಿನ ಪಟ್ಟಿ ಎರಡನ್ನು ಅವರೇ ಪರೀಕ್ಷಾಲಯಕ್ಕೆ ಹೋಗಿ ಕೇಳಿ ತಂದರು. ತೆಗೆದ ಗಂಟನ್ನು ಮೇಣದಲ್ಲಿ ಕೂರಿಸಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಮೇಲೊಂದು ತೆಳು ಗಾಜು ಮುಚ್ಚಿ ಅಂಟಿಸಿರುತ್ತಾರಂತೆ. ಬೆಳಕಿಗೆ ಹಿಡಿದರೆ ನಡುವೆ ನೇರಳೆ ಬಣ್ಣದ ಸಣ್ಣ ಮಚ್ಚೆಯಷ್ಟೇ ಕಾಣುತ್ತದೆ.

"ವರದಿ ಅಂದರೆ ಇಲ್ಲಿಯವರ ಅಭಿಪ್ರಾಯ. ಗಾಜು ಅಂದರೆ ಕಾಯಿಲೆಯೇ. ಅಲ್ಲಿಯವರು ಕಾಯಿಲೆಯನ್ನು ನೋಡಬೇಕು, ನಮ್ಮ ಅಭಿಪ್ರಾಯವನ್ನಲ್ಲ" ಅಂದರು ಡಾಕ್ಟರು. ಕೆಲಸವಾದ ಮೇಲೆ ಗಾಜನ್ನು ತಂದು ಒಪ್ಪಿಸಬೇಕು ಅಂತ ನನ್ನ ಹತ್ತಿರ ಮಾತು ತೆಗೆದುಕೊಂಡರು.

ನಾನು ಊರಿಗೆ ಬಂದು ಹಳೆಯ ಬಿಸ್ಕತ್ತಿನ ಡಬ್ಬಿ ತೊಳೆದು ಒಣಗಿಸಿ, ಹತ್ತಿ ಹಾಸಿ, ಗಾಜುಗಳನ್ನು ಬೇರೆಬೇರೆಯಾಗಿ ಸುತ್ತಿ ಇಟ್ಟೆ. ಮೇಲೆ ಕಾಗದಗಳು. ಫಿಲ್ಮಿಗೆ ಎರಡು ರಟ್ಟು ಕಟ್ಟಿದೆ. ಅತ್ತೆ ಪಕ್ಕದಲ್ಲಿ ಕೂತು ನೋಡುತ್ತಿದ್ದರು. ಒಂದೂ ತಪ್ಪು ಹುಡುಕಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಏಲಕ್ಕಿ ಕೊಯ್ಲು ನಡೆಯುತ್ತಿದ್ದರಿಂದ ಯಜಮಾನರು ಮಕ್ಕಳ ಜೊತೆ ಮನೆಯಲ್ಲೇ ಉಳಿದರು. ನಾವಿಬ್ಬರೇ ಹೊರಟೆವು. ಬೆಂಗಳೂರಲ್ಲಿ ನನ್ನ ಅಣ್ಣನ ಮನೆಯಿತ್ತು, ಇಳಿದುಕೊಳ್ಳಲು ತೊಂದರೆಯಿರಲಿಲ್ಲ. ದಾರಿಯುದ್ದಕ್ಕೂ ಡಬ್ಬಿ ನನ್ನ ಮಡಿಲಲ್ಲಿ, ಎಳೆ ಮಗುವಿನ ಹಾಗೆ. ಬಸ್ಸು ದಿಣ್ಣೆ ಏರಲಾರದೆ ನಿಂತಾಗ ಎಲ್ಲರೂ ಇಳಿದು ನಡೆದರು, ನಾನು ಡಬ್ಬಿ ಹೊತ್ತುಕೊಂಡೇ ನಡೆದೆ. ರೈಲಿನಲ್ಲಿ ಯಾರೋ ಹೆಂಗಸು ಡಬ್ಬಿಗೆ ಕೈ ತಾಗಿಸಿದ್ದಕ್ಕೆ ಜಗಳಕ್ಕೇ ನಿಂತೆ. ಅತ್ತೆ ಕಿಟಕಿಯಾಚೆ ನೋಡುತ್ತಾ, "ಬಿಡೇ, ಅಂಥಾದ್ದೇನೈತೆ ಅದ್ರಲ್ಲಿ" ಅಂದರು.

ಬೆಂಗಳೂರಿನ ಡಾಕ್ಟರು ವಯಸ್ಸಾದವರು, ಮೂಗಿನ ತುದಿಗೆ ಕನ್ನಡಕ. ಅತ್ತೆಯನ್ನು ಪರದೆಯ ಹಿಂದೆ ಕರೆದು ಗಾಯ ಮಾಯುತ್ತಿದ್ದ ಜಾಗ, ಇನ್ನೊಂದು ಎದೆ, ಎರಡೂ ಕಂಕುಳು, ಕತ್ತು ಎಲ್ಲ ಮುಟ್ಟಿ ನೋಡಿದರು. ಫಿಲ್ಮನ್ನು ಬೆಳಕಿಗೆ ಹಿಡಿದು, ಶ್ವಾಸಕೋಶದಲ್ಲಿ ಏನೂ ಕಾಣುವುದಿಲ್ಲ, ಅದು ಒಳ್ಳೆಯ ಸಂಗತಿ ಅಂದರು. ಆಮೇಲೆ, "ಸ್ಲೈಡು ಕೊಡಿ" ಅಂದರು.

ನಾನು ಹೆಮ್ಮೆಯಿಂದ ಡಬ್ಬಿಯ ಮುಚ್ಚಳ ತೆಗೆದೆ. ಒಳಗೆ ತುಂಬ ಏಲಕ್ಕಿ. ಹಸಿರು ಬಣ್ಣದ, ದಪ್ಪ ದಪ್ಪ, ಆ ವರ್ಷದ ಮೊದಲ ಕೊಯ್ಲಿನದು. ಕೋಣೆಯೆಲ್ಲ ಘಮ್ಮೆಂದಿತು.

ನಾನು ಕೈಯಾಡಿಸಿ ತಳ ಮುಟ್ಟಿ ನೋಡಿದೆ. ಗಾಜಿಲ್ಲ, ಕಾಗದವಿಲ್ಲ. ಡಾಕ್ಟರು ಡಬ್ಬಿಯನ್ನೊಮ್ಮೆ ನನ್ನನ್ನೊಮ್ಮೆ ನೋಡಿದರು. ಅತ್ತೆ ನಿಧಾನವಾಗಿ, "ಅದು ನಿಮಗೇ ಸ್ವಾಮಿ, ನಮ್ಮ ಮಲೆಯದು" ಅಂದರು.

"ಗಾಜು ಎಲ್ಲಿ ಅತ್ತೆ?"

"ಮನೇಲೈತೆ."

"ಯಾಕೆ?"

"ಮೈಸೂರಿನೋರು ಹೇಳಿದ್ದನ್ನ ಇವರ ಮುಂದೆ ಇಟ್ರೆ ಇವರೂ ಅದನ್ನೇ ಹೇಳ್ತಾರೆ. ಅದಕ್ಕೆ ಇಷ್ಟು ದೂರ ಬರಬೇಕಿತ್ತಾ? ಇವರೇ ನೋಡಿ ಹೇಳ್ಲಿ. ಫೋಟೋ ನನ್ನದು, ಅದನ್ನ ತಂದಿದೀನಿ. ಗಾಜು ಅವರದು, ಕಾಗದ ಅವರದು. ಮಾಲು ನಾನೇ ಬಂದಿದೀನಲ್ಲ, ಇನ್ನೇನು ಬೇಕು?"

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಗುತ್ತಿದ್ದಾರೋ ಬೇಸರಗೊಂಡಿದ್ದಾರೋ ನನಗೆ ತಿಳಿಯಲಿಲ್ಲ. "ತಾಯಿ, ಈಗ ನಿಮ್ಮ ಎದೆಯಲ್ಲಿ ನನಗೆ ಸಿಗುವುದು ಒಂದು ಹೊಲಿಗೆಯ ಗಾಯ. ಇದ್ದ ಗಂಟನ್ನು ಅವರು ತೆಗೆದಿದ್ದಾರೆ. ಅದು ಏನಾಗಿತ್ತು ಅಂತ ನಾನು ಯಾವುದನ್ನು ನೋಡಿ ಹೇಳಲಿ? ಸುಮ್ಮನೆ ಹೌದು ಅಂದರೂ ತಪ್ಪು, ಅಲ್ಲ ಅಂದರೂ ತಪ್ಪು. ನಾನು ಎರಡೂ ಹೇಳುವುದಿಲ್ಲ" ಅಂದರು. ಮೈಸೂರಲ್ಲಿ ಮೇಣದ ಅಚ್ಚು ಇದ್ದೇ ಇರುತ್ತದೆ, ಅದರಿಂದ ಇನ್ನೊಂದು ಪದರ ಕೊಯ್ದು ಹೊಸ ಗಾಜು ಮಾಡಿ ಕಳಿಸಿ ಅಂತ ಬರೆಯಬಹುದು, ಆದರೆ ಅದಕ್ಕೆ ಇನ್ನೂ ಹೆಚ್ಚು ದಿನ ಹಿಡಿಯುತ್ತದೆ, ಮನೆಯಲ್ಲಿರುವುದನ್ನೇ ತರಿಸಿ, ನಾಲ್ಕು ದಿನ ತಡವಾದರೆ ಅಪಾಯವಿಲ್ಲ ಅಂತಲೂ ಹೇಳಿದರು.

ಹೊರಗೆ ಆಸ್ಪತ್ರೆಯ ಜಗಲಿಗೆ ಬಂದ ಕೂಡಲೇ ನಾನು ಶುರು ಮಾಡಿದೆ. ಸುತ್ತ ಜನ ಇದ್ದಾರೆ ಅಂತಲೂ ನೋಡಲಿಲ್ಲ.

"ಕೊಯ್ಲು ಬಿಟ್ಟು, ಮಕ್ಕಳನ್ನ ಬಿಟ್ಟು, ಜೀವ ಕೈಯಲ್ಲಿ ಹಿಡ್ಕೊಂಡು ಇಲ್ಲಿ ತನಕ ಏಲಕ್ಕಿ ಡಬ್ಬಿ ಹೊತ್ತುಕೊಂಡು ಬಂದೆನಲ್ಲ, ನನಗೆ ಬುದ್ಧಿ ಇಲ್ಲ!"

"ಕೂಗಬೇಡ."

"ಕೂಗ್ತೀನಿ. ನೀವು ಸಾಹುಕಾರನ ಹತ್ತಿರ ಹೋಗುವಾಗ ಮೊದಲಿನವನ ಬೆಲೆ ಬಚ್ಚಿಡ್ತೀರ, ಸರಿ. ಮಾದರಿಯನ್ನೂ ಬಚ್ಚಿಡ್ತೀರಾ? ಬರಿಗೈ ತೋರಿಸಿ, ನಮ್ಮನೇಲಿ ಏಲಕ್ಕಿ ಐತೆ ಬೆಲೆ ಹೇಳು ಅಂತೀರಾ? ಮೂಟೆ ಖಾಲಿಯಾಗಿದೆ ಅತ್ತೆ. ಉಳಿದಿರೋದು ಆ ಮಾದರಿ ಒಂದೇ. ಅದನ್ನ ಮನೇಲಿಟ್ಟು ಬಂದಿದೀರ."

ಅತ್ತೆ ಜಗಲಿಯ ಕಲ್ಲಿನ ಮೇಲೆ ಕೂತುಕೊಂಡು ಸೆರಗಿನ ತುದಿ ಸುರುಳಿ ಸುತ್ತಿ ಬಿಚ್ಚಿದರು. ಆಮೇಲೆ, "ತಂತಿ ಕೊಡು ನಿನ್ನ ಗಂಡನಿಗೆ. ದೇವರ ಗೂಡಲ್ಲಿ ಐತೆ, ವಿಭೂತಿ ಬಟ್ಟಲ ಹಿಂದೆ" ಅಂದರು.

ತಂತಿ ಕೊಟ್ಟೆವು. ಕಾಯುವ ದಿನಗಳಲ್ಲಿ ಅತ್ತೆ ಅಣ್ಣನ ಮನೆಯಲ್ಲಿ ಸುಮ್ಮನೆ ಕೂರಲಿಲ್ಲ. ಅತ್ತಿಗೆ ಕೊಂಡ ತೊಗರಿಬೇಳೆಯಲ್ಲಿ ಕಲ್ಲು ಹುಡುಕಿ ಅಂಗಡಿಗೆ ವಾಪಸ್ ಕಳಿಸಿದರು. ಅತ್ತಿಗೆ ನನ್ನ ಕಿವಿಯಲ್ಲಿ, "ನೀನು ಹೇಗೆ ಬದುಕಿದೀಯೇ ಮಾರಾಯ್ತಿ" ಅಂದಳು. ನಾನು, "ನಾನೂ ಹಾಗೇ ಆಗಿದೀನಿ, ನೋಡ್ತಾ ಇರು" ಅಂದೆ. ತಮಾಷೆಗೆ ಅಂದಿದ್ದಲ್ಲ. ಅಷ್ಟೊತ್ತಿಗೆ ನನಗೂ ಇನ್ನೊಬ್ಬರು ನೋಡಿ ಹೇಳುವ ತನಕ ಸಮಾಧಾನವಿಲ್ಲ ಅನ್ನಿಸಿಬಿಟ್ಟಿತ್ತು. ಎದೆ ಕುಯ್ಯುವುದು ಅಂದರೆ ಮೊರದಲ್ಲಿ ಕೇರಿ ತೆಗೆದ ಹಾಗಲ್ಲ. ತೆಗೆದ ಮೇಲೆ ತಪ್ಪಾಯಿತು ಅಂದರೆ ಯಾರು ಕೂಡಿಸಿ ಕೊಡುತ್ತಾರೆ?

ಯಜಮಾನರು ಗಾಜನ್ನೂ ಕಾಗದಗಳನ್ನೂ ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಬಂದರು. ಬಟ್ಟೆ ಬಿಚ್ಚಿ ನೋಡಿದರೆ ಎರಡು ಗಾಜಿನ ಮೇಲೂ ಮೂರು ಮೂರು ಬೆರಳಿನ ವಿಭೂತಿ ಪಟ್ಟೆ. ಒತ್ತಿ ಎಳೆದಿದ್ದಾರೆ, ನಡುವಿನ ನೇರಳೆ ಮಚ್ಚೆ ಕಾಣುವುದೇ ಇಲ್ಲ.

"ಇದನ್ನ ಯಾರು ಹಚ್ಚಿದ್ದು?" ಅಂತ ಕೇಳಿದೆ, ಗೊತ್ತಿದ್ದೂ.

ಯಜಮಾನರು ಅಮ್ಮನ ಕಡೆ ನೋಡಿದರು. ಅತ್ತೆ ಚಾವಣಿಯ ಕಡೆ ನೋಡಿದರು.

ಒರೆಸಲು ಸೆರಗು ಎತ್ತಿದವಳು ನಿಂತೆ. ತಿಕ್ಕಿದರೆ ಒಳಗಿನದೂ ಅಳಿಸಿ ಹೋದರೆ? ಹಾಗೇ ಮುಚ್ಚಿ ತೆಗೆದುಕೊಂಡು ಹೋದೆವು. ನಾನು ಮಾಡಿದ ಒಳ್ಳೆಯ ಕೆಲಸ ಅದೊಂದು ಅಂತ ಆಮೇಲೆ ಗೊತ್ತಾಯಿತು.

ಡಾಕ್ಟರು ನಮ್ಮನ್ನು ಪರೀಕ್ಷಾಲಯಕ್ಕೇ ಕರೆದುಕೊಂಡು ಹೋದರು. ಅಲ್ಲಿ ಗಾಜು ನೋಡುವುದಕ್ಕೇ ಬೇರೆ ಡಾಕ್ಟರು, ಕಿಟಕಿಯ ಪಕ್ಕ ಸೂಕ್ಷ್ಮದರ್ಶಕ ಇಟ್ಟುಕೊಂಡು ಕೂತಿದ್ದರು. ವಿಭೂತಿ ಕಂಡು ಹುಬ್ಬೇರಿಸಿದರು. ಬೈಯುತ್ತಾರೆ ಅಂತ ನಾನು ಕಾದೆ. "ಪರವಾಗಿಲ್ಲ. ನೋಡಬೇಕಾದ್ದು ಮೇಲಿನ ತೆಳು ಗಾಜಿನ ಅಡಿಯಲ್ಲಿದೆ, ಬೂದಿ ಅದರ ಮೇಲಿದೆ. ನೀವೇ ತಿಕ್ಕಿ ತೊಳೆದಿದ್ದರೆ ಆ ತೆಳು ಗಾಜು ಕಿತ್ತು ಬರಬಹುದಿತ್ತು" ಅಂದು, ಮೆತ್ತನೆ ಬಟ್ಟೆಗೆ ಏನೋ ವಾಸನೆಯ ದ್ರಾವಣ ಮುಟ್ಟಿಸಿ ನಾಜೂಕಾಗಿ ಒರೆಸಿದರು. ನೇರಳೆ ಮಚ್ಚೆ ಮತ್ತೆ ಕಂಡಿತು. ಗಾಜಿನ ಅಂಚಿನಲ್ಲಿ ಗೀರಿದ್ದ ಸಂಖ್ಯೆಯನ್ನೂ ಕಾಗದದ ಸಂಖ್ಯೆಯನ್ನೂ ನನ್ನ ಕೈಯಲ್ಲೇ ತಾಳೆ ನೋಡಿಸಿದರು. ಬೇರೆಯವರ ಗಾಜು ನೋಡಿ ನಮ್ಮ ಹಣೆಬರಹ ಹೇಳಬಾರದಲ್ಲ.

ನಾನು ವರದಿ ಮುಂದೆ ಚಾಚುತ್ತಿದ್ದ ಹಾಗೆ ಅತ್ತೆ ನನ್ನ ಮಣಿಕಟ್ಟು ಹಿಡಿದರು. "ಗಾಜು ಕೊಟ್ಟಾಯ್ತು. ಕಾಗದ ನಿನ್ನ ಹತ್ರಾನೇ ಇರ್ಲಿ."

ನನಗೆ ಮತ್ತೆ ರೇಗಿತು. ಆದರೆ ಆ ಡಾಕ್ಟರು ತಲೆ ಎತ್ತಿ, "ಅಮ್ಮ ಹೇಳುವುದು ಸರಿ. ನಾನೂ ವರದಿಯನ್ನು ಆಮೇಲೇ ಓದುವವನು. ಎಲ್ಲಿಂದ ತೆಗೆದದ್ದು, ಇವರ ವಯಸ್ಸೇನು, ಎಷ್ಟು ಕಾಲದಿಂದ ಇತ್ತು, ಇಷ್ಟು ಹೇಳಿ, ಸಾಕು" ಅಂದರು. ಅತ್ತೆ ನನ್ನ ಕಡೆ ತಿರುಗಿ ಒಂದು ನೋಟ ನೋಡಿದರು. ಆ ನೋಟದ ಅರ್ಥ ಸೊಸೆಯಾದವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಎರಡೂ ಗಾಜನ್ನು ನಿಧಾನವಾಗಿ ನೋಡಿದರು. ಒಂದರಿಂದ ಇನ್ನೊಂದಕ್ಕೆ, ಮತ್ತೆ ಮೊದಲಿನದಕ್ಕೆ. ಕಿಟಕಿಯಾಚೆ ಯಾರೋ ಗಾಡಿ ತೊಳೆಯುತ್ತಿದ್ದರು. ಯಜಮಾನರು ತುಟಿಯಲ್ಲೇ ಶಿವ ಶಿವ ಅನ್ನುತ್ತಿದ್ದರು. ನಾನು ಅತ್ತೆಯ ಕೈ ಹಿಡಿದುಕೊಂಡಿದ್ದೆ. ಅದಕ್ಕೆ ಮೊದಲು ಎಂದೂ ಹಿಡಿದಿರಲಿಲ್ಲ.

"ಕ್ಯಾನ್ಸರೇ" ಅಂದರು. ಒಂದು ಹಾಳೆಯಲ್ಲಿ ತಮ್ಮ ಅಭಿಪ್ರಾಯ ಬರೆದು ಸಹಿ ಹಾಕಿದ ಮೇಲೆ ವರದಿಗೆ ಕೈ ಚಾಚಿದರು. ಓದಿ, "ಅವರು ಬರೆದಿರುವುದೂ ಇದನ್ನೇ. ಅವರು ಚೆನ್ನಾಗಿ ನೋಡಿದ್ದಾರೆ" ಅಂದರು.

ಅತ್ತೆ, "ನಂಗೂ ತೋರ್ಸಿ" ಅಂದರು. ಡಾಕ್ಟರು ಎದ್ದು ಕುರ್ಚಿ ಬಿಟ್ಟುಕೊಟ್ಟರು. ಅತ್ತೆ ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಕೊಳವೆಗೆ ಇಟ್ಟು ಬಗ್ಗಿದರು. ಡಾಕ್ಟರು ಗಾಜನ್ನು ಮೆಲ್ಲಗೆ ಸರಿಸುತ್ತಾ, ಇಲ್ಲಿ ಜೀವಕಣಗಳು ಸಾಲಾಗಿ ನೆಟ್ಟಗೆ ಕೂತಿವೆ ನೋಡಿ, ಇದು ಸರಿಯಾಗಿರುವ ಭಾಗ, ಇಲ್ಲಿ ಸಾಲು ಮುರಿದು ಪಕ್ಕದ ಕೊಬ್ಬಿನೊಳಗೆ ನುಗ್ಗಿವೆ ಅಂತ ತೋರಿಸಿದರು. ಅತ್ತೆ ಅಷ್ಟು ಹೊತ್ತು ಯಾವ ಏಲಕ್ಕಿಯನ್ನೂ ನೋಡಿದ್ದಿಲ್ಲ. ತಲೆ ಎತ್ತಿದಾಗ ಕಣ್ಣಿನ ಸುತ್ತ ಕೊಳವೆಯ ಗುರುತು ದುಂಡಗೆ ಮೂಡಿತ್ತು. "ಬೇಲಿ ಹಾರೈತೆ" ಅಂದರು, ಅಷ್ಟೇ.

ಕನ್ನಡಕದ ಡಾಕ್ಟರು ನಮ್ಮನ್ನು ಮತ್ತೆ ಕೂರಿಸಿಕೊಂಡು ಎಲ್ಲ ಬಿಡಿಸಿ ಹೇಳಿದರು. ಕಂಕುಳಲ್ಲಿ ಒಂದು ಸಣ್ಣ ಗ್ರಂಥಿ ಕೈಗೆ ಸಿಗುತ್ತದೆ, ಅದರಲ್ಲಿ ಕಾಯಿಲೆ ಇದೆಯೋ ಇಲ್ಲವೋ ತೆಗೆದು ನೋಡದೆ ಹೇಳಲಾಗದು. ಮೈಸೂರಿನವರು ಹೇಳಿದ ಶಸ್ತ್ರಚಿಕಿತ್ಸೆಯೇ ಸರಿ. ಆಮೇಲೆ ಬೇಕಾದರೆ ಎಕ್ಸ್-ರೇ ಚಿಕಿತ್ಸೆಗೆ ಬೆಂಗಳೂರಿಗೆ ಬರಬಹುದು. ಇಲ್ಲೇ ಮಾಡಿಸಿಕೊಳ್ಳುವುದಾದರೆ ಇಲ್ಲೂ ಹಾಸಿಗೆ ಇದೆ.

ಯಜಮಾನರು ಬೆಂಗಳೂರೇ ದೊಡ್ಡದು, ಇಲ್ಲೇ ಆಗಲಿ ಅಂದರು. ಅತ್ತೆ ತಲೆ ಆಡಿಸಿದರು.

"ಬೇಡ. ಮೈಸೂರಿನೋನೇ ಮಾಡ್ಲಿ. ಅವನ ಮಾತು ಕೇಳದೇ ಇದ್ದೋರೂ ಇಲ್ಲಿ ಅದನ್ನೇ ಹೇಳಿದ್ರು. ಇನ್ನೊಬ್ಬರಿಗೆ ತೋರಿಸ್ತೀನಿ ಅಂದಾಗ ಮುಖ ಸಿಂಡರಿಸಲಿಲ್ಲ, ತಾನೇ ಹೋಗಿ ಗಾಜು ತಂದ್ಕೊಟ್ಟ. ಮಾಲು ಸರಿ ಇದ್ದೋನಿಗೆ ತೋರ್ಸಕ್ಕೆ ಭಯ ಯಾಕೆ? ಅವನ ಕೈಗೇ ಕೊಡ್ತೀನಿ ನನ್ನ."

ಬೆಂಗಳೂರಿನ ಡಾಕ್ಟರು ನಕ್ಕು, ತಮ್ಮ ಅಭಿಪ್ರಾಯದ ಕಾಗದವನ್ನೂ ಸೇರಿಸಿ ಎಲ್ಲವನ್ನೂ ನನ್ನ ಕೈಗೆ ಕೊಟ್ಟರು. ಏಲಕ್ಕಿಯನ್ನು ಇಟ್ಟುಕೊಂಡು ಡಬ್ಬಿ ಮಾತ್ರ ವಾಪಸ್ ಕೊಟ್ಟರು. ಈ ಸಲ ಗಾಜನ್ನು ನಾನು ಕಟ್ಟಿ, ನಾನೇ ಹೊತ್ತು, ಮೈಸೂರಿನ ಪರೀಕ್ಷಾಲಯದ ಮೇಜಿನ ಮೇಲೆ ನಾನೇ ಇಟ್ಟೆ. ನಡುವೆ ಅತ್ತೆಗೆ ಮುಟ್ಟಲು ಬಿಡಲಿಲ್ಲ.

ಇದನ್ನು ಓದುವವರು ಚಿಂತೆ ಮಾಡಬಾರದು ಅಂತ ಈಗಲೇ ಹೇಳಿಬಿಡುತ್ತೇನೆ: ಅತ್ತೆ ಬದುಕಿದರು. ಎಡಗೈ ಮೊದಲಿನಷ್ಟು ಮೇಲೆ ಏಳಲಿಲ್ಲ. ಆದರೆ ಟವೆಲಿನ ಅಡಿಯಲ್ಲಿ ಬೆರಳು ಹಿಡಿಯಲು ಬಲಗೈ ಸಾಕಾಗಿತ್ತು. ನನ್ನ ದೊಡ್ಡ ಮಗಳ ಮದುವೆಯಲ್ಲಿ ಚಪ್ಪರದ ಕಂಬ ಅಲ್ಲಾಡಿಸಿ ನೋಡಿದರು. ಆಮೇಲೆ ಊರಲ್ಲಿ ಯಾರಿಗೆ ಡಾಕ್ಟರು ಇಂಥ ಮಾತು ಹೇಳಿದರೂ ನಮ್ಮ ಮನೆಗೆ ಬರುತ್ತಿದ್ದರು. ಅತ್ತೆ ಜಗಲಿಯ ಮೇಲೆ ಕೂತು, "ಇನ್ನೊಬ್ಬರಿಗೆ ತೋರಿಸು, ಬೈಯಲ್ಲ ಅವರು. ಗಾಜು ಕೇಳಿ ಇಸ್ಕೊ. ಫೋಟೋ ಮಡಿಸಬೇಡ" ಅಂತ ಅಪ್ಪಣೆ ಕೊಡುವರು. ವಿಭೂತಿ ವಿಷಯ ಹೇಳುತ್ತಿರಲಿಲ್ಲ, ಅದನ್ನು ನಾನು ಹೇಳುತ್ತಿದ್ದೆ.

ಆದರೆ ನಾನು ಬರೆಯಲು ಕೂತದ್ದು ಶಸ್ತ್ರಚಿಕಿತ್ಸೆಯ ಬೆಳಿಗ್ಗೆಯ ಮಾತಿಗಾಗಿ. ಮೈಸೂರಿನ ವಾರ್ಡಿನಲ್ಲಿ ನರ್ಸು ಅತ್ತೆಗೆ ಬಿಳಿ ಅಂಗಿ ತೊಡಿಸಿ ಹೋಗಿದ್ದಳು. ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಬಿಚ್ಚಿ ನನ್ನ ಕೈಗೆ ಕೊಟ್ಟಿದ್ದರು. ಸೀರೆಯಿಲ್ಲದೆ, ಹೆರಳು ಬಿಚ್ಚಿಕೊಂಡು ಮಲಗಿದ್ದ ಅತ್ತೆ ತುಂಬ ಚಿಕ್ಕವರಾಗಿ ಕಂಡರು.

"ಒಂದು ಮಾತು ಹೇಳ್ತೀನಿ ಕೇಳು" ಅಂದರು. "ಮೈಸೂರಿನೋನು ಹೇಳಿದ ದಿನಾನೇ ನಾನು ನಂಬಿದ್ದೆ."

ನಾನು ಕರಡಿಗೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ.

"ಯುಗಾದೀಲಿ ಕೈಗೆ ಸಿಕ್ಕಾಗ್ಲೇ ಗೊತ್ತಿತ್ತು ನಂಗೆ, ಇದು ಒಳ್ಳೇದಲ್ಲ ಅಂತ. ನಿಂಗೆ ಹೇಳ್ದೆನಲ್ಲ, ಅವರೇ ನೋಡಿ ಹೇಳ್ಲಿ ಅಂತ, ಅದೆಲ್ಲ ನೆಪ ಕಣೇ. ಗಾಜು ತೋರಿಸ್ದೆ ಇದ್ರೆ ಆ ಬೆಂಗಳೂರಿನ ಡಾಕ್ಟ್ರು ಬರೀ ಗಾಯ ನೋಡ್ತಾರೆ. ನೋಡಿ, ಏನೂ ಇಲ್ಲಮ್ಮ ಮನೆಗೆ ಹೋಗಿ ಅಂತಾರೆ ಅಂದ್ಕೊಂಡೆ. ಸುಳ್ಳಾದ್ರೂ ಆಗ್ಲಿ, ಒಬ್ಬರ ಬಾಯಲ್ಲಿ ಒಂದೇ ಒಂದು ಸಲ ಆ ಮಾತು ಕೇಳಬೇಕು ಅಂತ ಆಸೆ ಆಗಿತ್ತು. ಅವರು ಅಂದಿದ್ರೆ ನಾನು ಅದನ್ನೇ ಗಟ್ಟಿ ಹಿಡ್ಕೊಂಡು ಮನೆಗೆ ಬಂದ್ಬಿಡ್ತಿದ್ದೆ. ಇಲ್ಲಿಗೆ ಬರ್ತಿರಲಿಲ್ಲ."

ನನಗೆ ಅಳು ತಡೆಯಲಾಗಲಿಲ್ಲ. ಮಂಚದ ಅಂಚಿಗೆ ಹಣೆ ಇಟ್ಟು ಅತ್ತುಬಿಟ್ಟೆ.

"ನೀನ್ಯಾಕೆ ಅಳ್ತೀಯ?"

"ರೈಲಲ್ಲಿ ಆ ಡಬ್ಬಿ ಹಿಡ್ಕೊಂಡು ನಾನೂ ಅದನ್ನೇ ಬೇಡ್ಕೊಂಡು ಬಂದೆ ಅತ್ತೆ. ಇವರಾದ್ರೂ ಏನೂ ಇಲ್ಲ ಅನ್ನಲಿ ಅಂತ."

ಅತ್ತೆ ನನ್ನ ತಲೆಯ ಮೇಲೆ ಕೈ ಇಟ್ಟರು. ಆ ಕೈ ತಣ್ಣಗಿತ್ತು. "ಅವರು ಅನ್ನಲಿಲ್ಲವಲ್ಲ, ಒಳ್ಳೇದಾಯ್ತು ಬಿಡು ಮಗಾ" ಅಂದರು. ನನ್ನನ್ನು ಮಗಾ ಅಂತ ಅದಕ್ಕೆ ಮೊದಲು ಕರೆದಿರಲಿಲ್ಲ. ಅಷ್ಟರಲ್ಲಿ ಗಾಡಿ ತಳ್ಳುವವರು ಬಂದರು. ನಾನು ಕಣ್ಣೊರೆಸಿಕೊಂಡು ಎದ್ದು, ಅತ್ತೆಯ ಗಾಡಿಯ ಪಕ್ಕದಲ್ಲೇ ಆಪರೇಷನ್ ಕೋಣೆಯ ಬಾಗಿಲ ತನಕ ನಡೆದೆ.